ಐದು ನಿಮಿಷದ ಶಾಲಾ ವಾರ್ತೆ: ಬರೆಯುವುದು ಹೇಗೆ?

ಐದು ನಿಮಿಷದ ವಾರ್ತೆ ಎಂದು ಹೊರಟ ಶಾಲಾ ವಿಡಿಯೊ ಹನ್ನೊಂದು ನಿಮಿಷಕ್ಕೆ ಮುಗಿದರೆ ಎಲ್ಲರೂ ಎಡಿಟಿಂಗ್ ಮಾಡಿದವರನ್ನು ದೂರುತ್ತಾರೆ. ಆದರೆ ಸ್ಕ್ರಿಪ್ಟ್ ತೆಗೆದು ನೋಡಿ. ಆ್ಯಂಕರ್ ಹೇಳಿದ್ದನ್ನೇ ವರದಿಗಾರ್ತಿ ಹೇಳಿರುತ್ತಾಳೆ, ಅವಳು ಹೇಳಿದ್ದನ್ನೇ ಅವಳು ಮಾತನಾಡಿಸಿದ ಅಜ್ಜನೂ ಹೇಳಿರುತ್ತಾರೆ. ಒಂದು ವಿಷಯ ಒಬ್ಬರ ಬಾಯಲ್ಲಿ ಒಮ್ಮೆ ಮಾತ್ರ ಬರಬೇಕು. ಶಾಲಾ ವಾರ್ತೆ ಬರೆಯುವವರು ಈ ಒಂದು ನಿಯಮ ಹಿಡಿದರೆ ಅರ್ಧ ಕೆಲಸ ಆದಂತೆ. ಕಾಸರಗೋಡಿನ ಗಡಿಭಾಗದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ತಿಂಗಳ ವಾರ್ತೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ನೋಡೋಣ.

ಮೊದಲು ಓದುವ ವೇಗ ಅಳೆಯಿರಿ

ಆ್ಯಂಕರ್ ಆಗುವ ಮಕ್ಕಳ ಕೈಗೆ ಅವರು ಮೊದಲು ನೋಡಿರದ ಒಂದು ಪುಟ ಕೊಟ್ಟು ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಪದ ಎಣಿಸಿ. ಮಕ್ಕಳು ಅವಸರವಿಲ್ಲದೆ ಓದಿದರೆ 90 ಪದದ ಆಸುಪಾಸು ಬರುತ್ತದೆ ಎಂದಿಟ್ಟುಕೊಳ್ಳಬಹುದು. ಎರಡು ಸೆಕೆಂಡಿಗೆ ಮೂರು ಪದ ಎಂದು ಲೆಕ್ಕ. ನಿಮ್ಮ ಮಕ್ಕಳ ಸಂಖ್ಯೆ ಬೇರೆ ಬಂದರೆ ಅದನ್ನೇ ಹಿಡಿಯಿರಿ. ಟಿವಿ ವಾರ್ತೆ ನೋಡಿ ಇಂಗ್ಲಿಷಿನ ಪದಲೆಕ್ಕ ತಂದರೆ ಕೆಡುತ್ತದೆ, ಕನ್ನಡದ ಪದಗಳು ಉದ್ದ. ‘ಹರಿಯುತ್ತಿರುವುದರಿಂದಾಗಿ’ ಎಂಬುದು ಎಣಿಕೆಗೆ ಒಂದೇ ಪದ, ನಾಲಗೆಗೆ ಮೂರು ಪದದ ಕೆಲಸ. ಆದ್ದರಿಂದ ಪದಲೆಕ್ಕ ಬರೆಯುವಾಗಿನ ಅಂದಾಜಿಗೆ ಮಾತ್ರ. ಕೊನೆಗೆ ಸ್ಟಾಪ್‌ವಾಚ್ ಹಿಡಿದೇ ಅಳೆಯಬೇಕು.

ರನ್‌ಡೌನ್ ಕಟ್ಟುವುದು

ಯಾವ ಸುದ್ದಿ ಯಾವಾಗ, ಯಾರು ಓದುತ್ತಾರೆ, ಎಷ್ಟು ಸೆಕೆಂಡು ಎಂಬ ಒಂದು ಪುಟದ ಪಟ್ಟಿಗೆ ನ್ಯೂಸ್‌ರೂಮಿನಲ್ಲಿ ರನ್‌ಡೌನ್ ಎನ್ನುತ್ತಾರೆ. ಶೂಟಿಂಗಿಗೆ ಮೊದಲೇ ಅದು ಸಿದ್ಧವಾಗಿರಬೇಕು. ಒಟ್ಟು 300 ಸೆಕೆಂಡುಗಳನ್ನು ನಮ್ಮ ಉದಾಹರಣೆಯ ಶಾಲೆ ಹೀಗೆ ಹಂಚಬಹುದು. ಬಲಗಡೆ ಇರುವುದು ಆ ಭಾಗ ಮುಗಿಯುವ ಹೊತ್ತು. ಲೀಡ್ ಎಂದರೆ ವರದಿ ಶುರುವಾಗುವ ಮೊದಲು ಆ್ಯಂಕರ್ ಓದುವ ಪೀಠಿಕೆ.

1. ಸಂಗೀತ, ವಾರ್ತೆಯ ಹೆಸರು: 8 ಸೆಕೆಂಡು (0:08)
2. ನಮಸ್ಕಾರ, ಮೂರು ಮುಖ್ಯಾಂಶ, ಇಬ್ಬರೂ ಆ್ಯಂಕರ್: 22 (0:30)
3. ಆ್ಯಂಕರ್ 1, ನೀರಿನ ಸುರಂಗದ ಲೀಡ್: 15 (0:45)
4. ಸುರಂಗದ ವರದಿ: 80 (2:05)
5. ಆ್ಯಂಕರ್ 2, ಶಾಲೆಯ ತರಕಾರಿ ತೋಟ, ದೃಶ್ಯದ ಮೇಲೆ ಓದು: 25 (2:30)
6. ಆ್ಯಂಕರ್ 1, ಯಕ್ಷಗಾನ ತಂಡದ ಲೀಡ್: 15 (2:45)
7. ಯಕ್ಷಗಾನ ಅಭ್ಯಾಸದ ವರದಿ: 60 (3:45)
8. ಆ್ಯಂಕರ್ 2, ಚುಟುಕು ಸುದ್ದಿ ಎರಡು: 30 (4:15)
9. ಆ್ಯಂಕರ್ 1, ಕ್ರೀಡೆ: 20 (4:35)
10. ಮುಖ್ಯಾಂಶ ಮತ್ತೊಮ್ಮೆ, ವಂದನೆ: 20 (4:55)
11. ಹೆಸರುಗಳು: 5 (5:00)

ಎರಡು ವರದಿಗಳು ಒಂದರ ಹಿಂದೆ ಒಂದು ಬಂದಿಲ್ಲ, ನಡುವೆ ತೋಟದ ಸುದ್ದಿ ಇದೆ. ಉದ್ದದ ಎರಡು ವರದಿ ಅಂಟಿಕೊಂಡರೆ ನೋಡುವವರಿಗೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದೇ ತಿಳಿಯುವುದಿಲ್ಲ. ಎಂಟನೇ ಸಾಲಿನ ಎದುರು ಪೆನ್ಸಿಲಿನಲ್ಲಿ ‘ಬಿಡಬಹುದು’ ಎಂದು ಈಗಲೇ ಬರೆದಿಡಿ. ವರದಿ ಹತ್ತು ಸೆಕೆಂಡು ಉದ್ದವಾದರೆ ಒಂದು ಚುಟುಕು ಹೋಗುತ್ತದೆ. ಯಾವುದು ಹೋಗಬೇಕೆಂದು ಮೊದಲೇ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಎರಡೆರಡು ಸೆಕೆಂಡು ಚಿವುಟುತ್ತಾ ಕೂರಬೇಕಾಗುತ್ತದೆ.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಇರಲಿ: ವರದಿಯ ಕೊನೆಯ ಮೂರು ಪದ. ಎಡಿಟ್ ಮಾಡುವ ಹುಡುಗನಿಗೆ ಎಲ್ಲಿ ಕತ್ತರಿಸಬೇಕು, ಆ್ಯಂಕರಿಗೆ ಯಾವ ಮಾತಿನಿಂದ ಮುಂದುವರಿಯಬೇಕು ಎಂಬುದು ಅದರಿಂದ ತಿಳಿಯುತ್ತದೆ.

ಲೀಡ್ ಮತ್ತು ವರದಿ: ಜೋಡಿಸುವ ಜಾಗ

ಬರೆಯುವುದು ವರದಿಯಿಂದ ಶುರುವಾಗಲಿ. ನಂತರ ಲೀಡ್, ಎಲ್ಲಕ್ಕಿಂತ ಕೊನೆಗೆ ಮುಖ್ಯಾಂಶ. ಲೀಡ್ ಮೊದಲೇ ಬರೆದಿಟ್ಟರೆ ವರದಿಗಾರರು ಗುಡ್ಡದಿಂದ ತಂದ ಒಳ್ಳೆಯ ಸಂಗತಿ ಅದರಲ್ಲಿ ಇರುವುದಿಲ್ಲ.

ಸುರಂಗವನ್ನೇ ನೋಡಿ. ಕಾಸರಗೋಡಿನ ಪೂರ್ವದ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ಹರಿಸುವ ಸುರಂಗಗಳು ಎಷ್ಟೋ ಮನೆಗಳಲ್ಲಿವೆ. ಮಕ್ಕಳು ಸಾಮಾನ್ಯವಾಗಿ ಬರೆಯುವ ಲೀಡ್ ಹೀಗಿರುತ್ತದೆ: ‘ನಮ್ಮ ಜಿಲ್ಲೆಯಲ್ಲಿ ಅನೇಕ ಸುರಂಗಗಳಿವೆ. ಸುರಂಗಗಳು ಬಹಳ ಉಪಯುಕ್ತವಾಗಿವೆ. ಈ ಬಗ್ಗೆ ಒಂದು ವರದಿ ನೋಡೋಣ.’ ಇದರಲ್ಲಿ ಸುದ್ದಿಯೇ ಇಲ್ಲ. ಈಗ ಇದನ್ನು ಓದಿ:

‘ಮಳೆ ಮುಗಿದು ಮೂರು ತಿಂಗಳಾಯಿತು, ಊರಿನ ಬಾವಿಗಳಲ್ಲಿ ನೀರು ಇಳಿಯುತ್ತಿದೆ. ಆದರೆ ನಮ್ಮ ಶಾಲೆಯ ಹಿಂದಿನ ಗುಡ್ಡದ ಸುರಂಗದಲ್ಲಿ ಪಂಪಿಲ್ಲದೆ ಈಗಲೂ ನೀರು ಹರಿಯುತ್ತಿದೆ. ಎಂಟನೇ ತರಗತಿಯ ತಂಡದ ವರದಿ.’

ಇಪ್ಪತ್ತೆರಡು ಪದ, ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತದೆ. ಎಲ್ಲಿ, ಏನು, ಈಗ ಯಾಕೆ ಎಂಬುದು ಬಂತು. ಹೇಗೆ ಎಂಬುದನ್ನು ವರದಿಗೆ ಬಿಟ್ಟಿದೆ. ಆದ್ದರಿಂದ ವರದಿ ‘ನಮ್ಮ ಶಾಲೆಯ ಹಿಂದೆ ಒಂದು ಗುಡ್ಡವಿದೆ’ ಎಂದು ಶುರುವಾಗುವಂತಿಲ್ಲ. ನೇರ ಸುರಂಗದ ಬಾಯಿಗೆ ಹೋಗಬೇಕು. 80 ಸೆಕೆಂಡಿನ ಒಳಹಂಚಿಕೆ ಹೀಗೆ: ನೀರು ಬೀಳುವ ಸದ್ದು ಮಾತ್ರ 5, ದೃಶ್ಯದ ಮೇಲೆ ವರದಿಗಾರ್ತಿಯ ಧ್ವನಿ 20, ಅಜ್ಜನ ಬೈಟ್ ಅಂದರೆ ಕ್ಯಾಮೆರಾ ಎದುರು ಅವರದೇ ಮಾತು 12, ಧ್ವನಿ 18, ಮನೆಯವರ ಬೈಟ್ 10, ಕ್ಯಾಮೆರಾ ನೋಡಿ ವರದಿಗಾರ್ತಿಯ ಮಾತು 15. ಮೊದಲ ಧ್ವನಿಭಾಗ:

‘ಬಾಯಿ ಒಬ್ಬರು ಬಗ್ಗಿ ನುಗ್ಗುವಷ್ಟೇ ಅಗಲ. ಒಳಗೆ ಮುರಕಲ್ಲಿನ ಗೋಡೆಯಿಂದ ನೀರು ಒಸರುತ್ತದೆ. ಸುರಂಗದ ನೆಲ ಹೊರಗಿನ ಕಡೆಗೆ ತುಸು ಇಳಿಜಾರು. ಹಾಗಾಗಿ ನೀರು ತಾನಾಗಿ ಹರಿದು ಈ ಟಾಂಕಿಗೆ ಬೀಳುತ್ತದೆ. ಇದನ್ನು ಕೊರೆದವರಲ್ಲಿ ಒಬ್ಬರು, ಈ ಮನೆಯ ಅಜ್ಜ.’

ಕೊನೆಯ ವಾಕ್ಯ ಅಜ್ಜ ಯಾರೆಂದು ಹೇಳಿ ನಿಲ್ಲುತ್ತದೆ, ಅವರು ಏನು ಹೇಳುತ್ತಾರೆಂದು ಹೇಳುವುದಿಲ್ಲ. ‘ಬೇಸಗೆಯಲ್ಲೂ ನೀರು ಬತ್ತುವುದಿಲ್ಲ ಎನ್ನುತ್ತಾರೆ ಅಜ್ಜ’ ಎಂದು ಬರೆದು, ಅಜ್ಜನ ಬಾಯಲ್ಲೂ ‘ಬೇಸಗೆಯಲ್ಲೂ ಬತ್ತುವುದಿಲ್ಲ’ ಎಂದು ಬಂದರೆ ಆ 12 ಸೆಕೆಂಡು ವ್ಯರ್ಥ. ಶಾಲಾ ವಾರ್ತೆಗಳು ಉದ್ದವಾಗುವುದು ಹೆಚ್ಚಾಗಿ ಇಂಥ ಜಾಗದಲ್ಲೇ.

ದೃಶ್ಯದ ಲೆಕ್ಕವನ್ನೂ ಸ್ಕ್ರಿಪ್ಟಿನ ಎಡಗಡೆ ಬರೆಯಬೇಕು. ಒಂದೊಂದು ದೃಶ್ಯ ನಾಲ್ಕೈದು ಸೆಕೆಂಡು ನಿಂತರೆ 38 ಸೆಕೆಂಡಿನ ಧ್ವನಿಗೆ ಎಂಟೊಂಬತ್ತು ದೃಶ್ಯ ಬೇಕು: ಗುಡ್ಡ, ಬಾಯಿ, ಒಸರುವ ಗೋಡೆ, ಹರಿವು, ಟಾಂಕಿ, ಅಜ್ಜನ ಕೈ, ತೋಟ ಮುಂತಾಗಿ. ಪ್ರತಿಯೊಂದನ್ನೂ ಮೊಬೈಲ್ ಅಡ್ಡ ಹಿಡಿದು, ಅಲುಗಾಡಿಸದೆ, ಹತ್ತು ಸೆಕೆಂಡು ತೆಗೆಯಿರಿ. ಇದ್ದದ್ದು ಮೂರೇ ದೃಶ್ಯವಾದರೆ ಎಡಿಟಿಂಗಿನಲ್ಲಿ ಅದೇ ಟಾಂಕಿ ಮೂರು ಸಲ ಬರುತ್ತದೆ. ಮಕ್ಕಳು ಸುರಂಗದ ಒಳಗೆ ಹೋಗುವುದು ಬೇಡ. ಹೊರಗೆ ನಿಂತು ಟಾರ್ಚು ಬಿಟ್ಟು ತೆಗೆದರೆ ಸಾಕು.

ಬೈಟ್ ಯಾವ ಭಾಷೆಯಲ್ಲಿ?

ಕಾಸರಗೋಡಿನಲ್ಲಿ ಇದು ದಿನವೂ ಏಳುವ ಪ್ರಶ್ನೆ. ಅಜ್ಜ ತುಳುವಿನಲ್ಲಿ ಮಾತನಾಡಬಹುದು, ಪಂಚಾಯತು ಸದಸ್ಯರು ಮಲಯಾಳದಲ್ಲಿ. ಕ್ಯಾಮೆರಾ ಎದುರು ಪುಸ್ತಕದ ಕನ್ನಡ ಮಾತನಾಡಿ ಎಂದು ಒತ್ತಾಯಿಸಿದರೆ ಸಹಜವಾಗಿ ಮಾತನಾಡುವವರೂ ತಡವರಿಸುತ್ತಾರೆ. ಅವರ ಮಾತಿನಲ್ಲೇ ತೆಗೆದುಕೊಂಡು ಕೆಳಗೆ ಕನ್ನಡ ಸಾಲು ಕೊಡಿ. ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ, ಗಟ್ಟಿಯಾಗಿ ಒಮ್ಮೆ ಓದಿ ಮುಗಿಸುವಷ್ಟು ಹೊತ್ತು ಪರದೆಯ ಮೇಲೆ ಇರಬೇಕು. ಪದಕ್ಕೆ ಪದ ಹಾಕಲು ಹೋದರೆ ಜಾಗ ಸಾಲದು, ತಾತ್ಪರ್ಯ ಬರೆಯಿರಿ.

ಪ್ರಶ್ನೆ ಕೇಳುವ ರೀತಿಯಲ್ಲೂ ಬೈಟ್ ಹಾಳಾಗುತ್ತದೆ. ‘ಅಜ್ಜಾ, ಬೇಸಗೆಯಲ್ಲಿ ನೀರು ಇರ್ತದಾ?’ ಎಂದರೆ ‘ಹೌದು ಮಗಾ’ ಎಂಬಲ್ಲಿಗೆ ಮುಗಿಯಿತು. ‘ನೀರು ಸಿಕ್ಕಿದ ದಿನ ಹೇಗಿತ್ತು, ಸ್ವಲ್ಪ ಹೇಳಿ ಅಜ್ಜಾ’ ಎಂದರೆ ಇಡೀ ವಾಕ್ಯ ಬರುತ್ತದೆ. ಉದ್ದವನ್ನು ಅವರು ಕೋಲು ಲೆಕ್ಕದಲ್ಲಿ ಹೇಳಿದರೆ ಅಡಿಯಲ್ಲಿ ಎಷ್ಟೆಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಮಾತನಾಡಿದವರ ಹೆಸರು, ಮನೆಹೆಸರು ಅವರ ಕೈಯಲ್ಲೇ ಬರೆಸಿ. ಊರಿನ ಹೆಸರಿಗೂ ಹೀಗೇ ಒಂದು ಪಟ್ಟಿ ಬೇಕು. ಬೋರ್ಡಿನಲ್ಲಿ ಮಂಜೇಶ್ವರಂ ಎಂದಿರುತ್ತದೆ, ನಾವು ಮಂಜೇಶ್ವರ ಎನ್ನುತ್ತೇವೆ. ಇಬ್ಬರು ಆ್ಯಂಕರ್ ಎರಡು ರೀತಿ ಹೇಳಿದರೆ ಕೇಳಲು ಅಸಹ್ಯ.

ಸದ್ದಿನ ಬಗ್ಗೆ ಒಂದೇ ಮಾತು: ಮೊಬೈಲಿನ ಮೈಕ್ ಒಂದು ತೋಳಿನ ದೂರ ದಾಟಿದರೆ ಗಾಳಿಯನ್ನೇ ಹಿಡಿಯುತ್ತದೆ. ಕಾಲರ್ ಮೈಕ್ ಇಲ್ಲದಿದ್ದರೆ ಎರಡನೇ ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಮಾತನಾಡುವವರ ಅಂಗಿಯ ಜೇಬಿನಲ್ಲಿ ಇಡಿ, ಶುರುವಿಗೆ ಒಂದು ಚಪ್ಪಾಳೆ ಹೊಡೆಯಿರಿ. ಆ ಚಪ್ಪಾಳೆಗೆ ಚಿತ್ರ ಮತ್ತು ಧ್ವನಿ ಹೊಂದಿಸಬಹುದು. ಕೇರಳದ ಶಾಲೆಗಳ ಐಟಿ ಕ್ಲಬ್ ಆದ ಲಿಟಲ್ ಕೈಟ್ಸ್‌ನ ಮಕ್ಕಳಿಗೆ ಕೆಡೆನ್‌ಲೈವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದು ಕಷ್ಟದ ಕೆಲಸವಲ್ಲ.

ಕಿವಿಗೆ ಬರೆಯುವುದು

ಪತ್ರಿಕೆಯ ಕನ್ನಡದಲ್ಲಿ ಹೇಳಿದವರ ಹೆಸರು ಕೊನೆಗೆ ಬರುತ್ತದೆ: ‘...ಭಾಗವಹಿಸಲಿದೆ ಎಂದು ಮುಖ್ಯೋಪಾಧ್ಯಾಯರು ತಿಳಿಸಿದ್ದಾರೆ’. ಓದುವವರು ಕಣ್ಣು ಹಿಂದಕ್ಕೆ ಹಾಯಿಸಬಹುದು, ಕೇಳುವವರಿಗೆ ಆ ಅನುಕೂಲ ಇಲ್ಲ. ಆದ್ದರಿಂದ ‘ಮುಖ್ಯೋಪಾಧ್ಯಾಯರು ಹೇಳಿದಂತೆ, ಯಕ್ಷಗಾನ ತಂಡ ಉಪಜಿಲ್ಲಾ ಕಲೋತ್ಸವಕ್ಕೆ ಹೋಗುತ್ತದೆ’ ಎಂದು ಮುಂದೆ ತನ್ನಿ. ಕ್ರಿಯಾಪದ ಕೊನೆಗೇ ಬರುವ ಭಾಷೆಯಲ್ಲಿ ‘ಹೋಗಿ, ನೋಡಿ, ಮಾತನಾಡಿ, ತಿಳಿದು’ ಎಂದು ಪೋಣಿಸುತ್ತಾ ಹೋದರೆ ಮಗುವಿನ ಉಸಿರು ನಡುವೆಯೇ ಕಟ್ಟುತ್ತದೆ. ಹನ್ನೆರಡು ಪದ ದಾಟಿದ ವಾಕ್ಯವನ್ನು ಎರಡು ಮಾಡಿ. ‘ನಿನ್ನೆ’, ‘ಇಂದು’ ಎಂದು ಬರೆಯಬೇಡಿ, ವಿಡಿಯೊ ಯಾವಾಗ ನೋಡುತ್ತಾರೋ ಗೊತ್ತಿಲ್ಲ. ತಾರೀಕು ಹೇಳಿ. ಅಂಕಿಗಳನ್ನು ಅಕ್ಷರದಲ್ಲೇ ಬರೆಯಿರಿ: ‘ಸಾವಿರದ ಇನ್ನೂರೈವತ್ತು’. ಅಂಕಿ ಕಂಡರೆ ಮಗು ಒಂದು ಕ್ಷಣ ನಿಂತು ಲೆಕ್ಕ ಹಾಕುತ್ತದೆ, ಆ ತಡವರಿಕೆ ಮುಖದಲ್ಲಿ ಕಾಣುತ್ತದೆ.

ಮುಖ್ಯಾಂಶಕ್ಕೆ ತಲಾ ಹೆಚ್ಚೆಂದರೆ ಒಂಬತ್ತು ಪದ. ಲೀಡಿನ ಮಾತು ಅಲ್ಲಿ ಬರಬಾರದು. ‘ಕರೆಂಟಿಲ್ಲ, ಆದರೂ ಟಾಂಕಿ ತುಂಬಿಸುವ ಸುರಂಗ’ ಸಾಕು.

ಆ್ಯಂಕರ್ ರೆಕಾರ್ಡಿಂಗ್ ಕೊನೆಗೆ

ಎರಡೂ ವರದಿ ಎಡಿಟ್ ಆಗಿ ನಿಜವಾದ ಉದ್ದ ತಿಳಿದ ಮೇಲೆಯೇ ಆ್ಯಂಕರುಗಳನ್ನು ಕೂರಿಸಿ, ಎಲ್ಲವನ್ನೂ ಒಂದೇ ದಿನ ತೆಗೆಯಿರಿ. ಎರಡು ದಿನ ಮಾಡಿದರೆ ಜಡೆ, ಬೆಳಕು ಎರಡೂ ಬದಲಾಗುತ್ತವೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೋಣೆ ಬೇಡ, ಬೆಲ್ಲಿನ ಹೊತ್ತು ನೋಡಿಕೊಳ್ಳಿ.

ಸ್ಕ್ರಿಪ್ಟನ್ನು ಚಾರ್ಟ್ ಪೇಪರಿನಲ್ಲಿ ದಪ್ಪಕ್ಕೆ ಬರೆದು ಲೆನ್ಸಿಗೆ ತಾಗಿದಂತೆ ಕೆಳಗೆ ಹಿಡಿಯಬೇಕು. ಒಂದು ಗೇಣು ಪಕ್ಕಕ್ಕೆ ಸರಿದರೂ ಕಣ್ಣು ಬೇರೆಲ್ಲೋ ನೋಡುವುದು ಗೊತ್ತಾಗುತ್ತದೆ. ಸಾಲಿಗೆ ನಾಲ್ಕೈದು ಪದ, ಅರ್ಥ ನಿಲ್ಲುವಲ್ಲೇ ಸಾಲು ಮುರಿಯಲಿ. ‘ಸುರಂಗದ / ನೆಲ’ ಎಂದು ಮುರಿದರೆ ಮಗು ಅಲ್ಲೇ ನಿಲ್ಲುತ್ತದೆ. ಒಂದು ಸುದ್ದಿಗೆ ಒಂದು ಹಾಳೆ, ಹಾಳೆಯ ತುದಿಯಲ್ಲಿ ರನ್‌ಡೌನಿನ ಸಂಖ್ಯೆ. ತಪ್ಪಿದರೆ ವಾಕ್ಯದ ನಡುವಿನಿಂದ ಅಲ್ಲ, ಆ ಸುದ್ದಿಯ ಮೊದಲಿನಿಂದ ಮತ್ತೆ ಓದಿಸಿ. ಇಲ್ಲದಿದ್ದರೆ ಕತ್ತರಿಸಿದ ಜಾಗದಲ್ಲಿ ತಲೆ ಸರಕ್ಕನೆ ಹಾರುತ್ತದೆ. ಓದು ಮುಗಿದ ಕೂಡಲೇ ಮಕ್ಕಳು ಟೀಚರ ಕಡೆ ನೋಡಿ ನಗುವುದು ವಾಡಿಕೆ. ಪ್ರತಿ ಸುದ್ದಿಯ ಮೊದಲೂ ಕೊನೆಯೂ ಮನಸ್ಸಿನಲ್ಲೇ ಮೂರು ಎಣಿಸುತ್ತಾ ಲೆನ್ಸನ್ನೇ ನೋಡುತ್ತಿರಲು ಹೇಳಿ, ಎಡಿಟ್ ಮಾಡುವವರಿಗೆ ಕತ್ತರಿ ಹಾಕಲು ಅಷ್ಟು ಜಾಗ ಬೇಕು.