ಮುಂದಿನ ಪ್ರಶ್ನೆ ಯಾವುದು? a, b, c ನೋಡಿ ಆರಿಸುವುದು ಹೀಗೆ

ಉತ್ತರ ಸರಿಯಾದರೆ ಇನ್ನೂ ಕಷ್ಟದ ಪ್ರಶ್ನೆ, ತಪ್ಪಾದರೆ ಸುಲಭದ್ದು. ‘ಅಡಾಪ್ಟಿವ್ ಟೆಸ್ಟ್’ ಅಂತ ಹೇಳಿಕೊಳ್ಳುವ ಎಷ್ಟೋ ಆ್ಯಪ್‌ಗಳ ಒಳಗಿರುವುದು ಇಷ್ಟೇ. ಅಂಥವನ್ನು ದುಡ್ಡು ಕೊಟ್ಟು ತರಬೇಡಿ. ಐಟಂ ರೆಸ್ಪಾನ್ಸ್ ಥಿಯರಿ, ಅಂದರೆ ಐಆರ್‌ಟಿ, ಕೇಳುವುದು ಬೇರೆಯದೇ ಪ್ರಶ್ನೆ: ಈ ವಿದ್ಯಾರ್ಥಿಯ ಮಟ್ಟದ ಬಗ್ಗೆ ಯಾವ ಪ್ರಶ್ನೆ ಈಗ ಹೆಚ್ಚು ಮಾಹಿತಿ ಕೊಡುತ್ತದೆ?

ಹಂತ 1: ಪ್ರಶ್ನೆಗಳಿಗೆ ಅಂಕಿಗಳನ್ನು ಹೊಂದಿಸಿ. ಪ್ರತಿ ಪ್ರಶ್ನೆಗೂ ಮೂರು ಅಂಕಿ. b ಅಂದರೆ ಕಷ್ಟದ ಮಟ್ಟ. a ಅಂದರೆ ಗೊತ್ತಿರುವವರನ್ನೂ ಇಲ್ಲದವರನ್ನೂ ಆ ಪ್ರಶ್ನೆ ಎಷ್ಟು ಚೊಕ್ಕವಾಗಿ ಬೇರ್ಪಡಿಸುತ್ತದೆ ಎನ್ನುವುದು. c ಅಂದರೆ ಏನೂ ಗೊತ್ತಿಲ್ಲದವರೂ ಊಹಿಸಿ ಸರಿ ಮಾಡುವ ಸಾಧ್ಯತೆ. ಇವು ನೂರಾರು ಜನರ ನಿಜವಾದ ಉತ್ತರಗಳಿಂದ ಬರಬೇಕು. ಮೇಷ್ಟ್ರು ‘ಸುಲಭ, ಮಧ್ಯಮ, ಕಷ್ಟ’ ಎಂದು ಗುರುತು ಹಾಕಿದ್ದನ್ನೇ −1, 0, 1 ಮಾಡಿ b ಜಾಗಕ್ಕೆ ತುಂಬುವ ಅಡ್ಡದಾರಿ ಬೇಡ.

ಹಂತ 2: ವಿದ್ಯಾರ್ಥಿಯ ಮಟ್ಟವನ್ನು 0 ಎಂದಿಟ್ಟುಕೊಂಡು ಶುರು ಮಾಡಿ. ಈ ಮಟ್ಟಕ್ಕೆ θ ಎನ್ನುತ್ತಾರೆ. b ಇರುವುದೂ ಇದೇ ಅಳತೆಯ ಮೇಲೆ.

ಹಂತ 3: ಪ್ರತಿ ಪ್ರಶ್ನೆಯ ಮಾಹಿತಿ ಲೆಕ್ಕ ಹಾಕಿ. ಜನ ಎಡವುವುದು ಇಲ್ಲೇ. θಗೆ ಹತ್ತಿರದ b ಹುಡುಕಿ ಸುಮ್ಮನಾಗುತ್ತಾರೆ. ಸೂತ್ರ ಇದು:

```
P = c + (1-c) / (1 + exp(-a*(θ-b)))
I = a² * ((1-P)/P) * ((P-c)/(1-c))²
```

P ಅಂದರೆ ಉತ್ತರ ಸರಿಯಾಗುವ ಸಾಧ್ಯತೆ, I ಅಂದರೆ ಮಾಹಿತಿ. ಎರಡು ಗಣಿತದ ಪ್ರಶ್ನೆ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಉತ್ತರದ ಅಂಕಿಯನ್ನು ಟೈಪ್ ಮಾಡಬೇಕು: a = 1, b = 0, c = 0. ಎರಡನೆಯದರದ್ದು a = 2, b = 0.8. ನಮ್ಮ ವಿದ್ಯಾರ್ಥಿಯ θ ಸದ್ಯಕ್ಕೆ 0.

b ಮಾತ್ರ ನೋಡಿದರೆ ಮೊದಲನೆಯದೇ ಸರಿ ಅನ್ನಿಸುತ್ತದೆ, ಅಲ್ವಾ? ಅದರ ಮಾಹಿತಿ 0.25. ಎರಡನೆಯದರಲ್ಲೂ ಊಹೆಗೆ ಜಾಗವಿಲ್ಲ, c = 0 ಎಂದುಕೊಳ್ಳೋಣ. ಆಗ ಅದರ ಮಾಹಿತಿ 0.56. ಕಷ್ಟದ ಮಟ್ಟ ದೂರವಿದ್ದರೂ ಎರಡರಷ್ಟಕ್ಕಿಂತ ಜಾಸ್ತಿ! ಸೂತ್ರದಲ್ಲಿ a ವರ್ಗವಾಗಿ ಕೂತಿರುವುದೇ ಇದಕ್ಕೆ ಕಾರಣ.

ಈಗ ಅದೇ ಎರಡನೆಯ ಪ್ರಶ್ನೆಗೆ ನಾಲ್ಕು ಆಯ್ಕೆ ಕೊಡಿ. c = 0.25 ಎಂದುಕೊಳ್ಳೋಣ. ಮಾಹಿತಿ 0.19ಕ್ಕೆ ಕುಸಿಯುತ್ತದೆ, ಮೊದಲನೆಯ ಪ್ರಶ್ನೆ ಮತ್ತೆ ಗೆಲ್ಲುತ್ತದೆ. ತನ್ನ ಮಟ್ಟಕ್ಕಿಂತ ಮೇಲಿನ ಪ್ರಶ್ನೆಯನ್ನು ಈ ವಿದ್ಯಾರ್ಥಿ ಸರಿ ಮಾಡಿದರೆ, ಗೊತ್ತಿದ್ದು ಮಾಡಿದ್ದೋ ಊಹಿಸಿದ್ದೋ ಹೇಳಲಾಗುವುದಿಲ್ಲವಲ್ಲ! ಆದರೆ ಕೆಲವು ಸರಿ ಉತ್ತರಗಳಾಗಿ θ 0.8ಕ್ಕೆ ಏರಿದ ಮೇಲೆ ಲೆಕ್ಕ ಮಾಡಿ ನೋಡಿ: ಮೊದಲನೆಯದರದ್ದು 0.21, ನಾಲ್ಕು ಆಯ್ಕೆಯದ್ದು 0.60. ಈಗ ಅದರ ಸರದಿ. ಹಾಗಾಗಿ ಈ ಲೆಕ್ಕವನ್ನು ಪ್ರತಿ ಉತ್ತರದ ನಂತರವೂ ಹೊಸದಾಗಿ ಹಾಕಲೇಬೇಕು.

ಅಮೆರಿಕದಲ್ಲಿ ನರ್ಸ್ ಆಗಲು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ 1994ರಿಂದ ಅಡಾಪ್ಟಿವ್. ಅದು ಬಳಸುವ ರಾಶ್ ಮಾದರಿಯಲ್ಲಿ a ಎಲ್ಲ ಪ್ರಶ್ನೆಗೂ ಒಂದೇ, c ಇಲ್ಲವೇ ಇಲ್ಲ. ಅಲ್ಲಿ ಹತ್ತಿರದ b ನೋಡಿದರೆ ಸಾಕು. ಮೂರು ಅಂಕಿಯ ಮಾದರಿಗೆ ಆ ಉಪಾಯವನ್ನು ತರಬೇಡಿ.

ಇನ್ನೊಂದು ಎಚ್ಚರಿಕೆ. ಕೆಲವು ಸಾಫ್ಟ್‌ವೇರ್‌ಗಳು ಸೂತ್ರದಲ್ಲಿ aಯನ್ನು 1.7ರಿಂದ ಗುಣಿಸುತ್ತವೆ. ಅಲ್ಲಿನ aಯನ್ನು ಹಾಗೇ ತಂದು ಮೇಲಿನ ಸೂತ್ರಕ್ಕೆ ಹಾಕಿದರೆ ಮಾಹಿತಿ ನಿಜಕ್ಕಿಂತ ಸುಮಾರು ಮೂರು ಪಟ್ಟು ಕಡಿಮೆ ಬರುತ್ತದೆ. ಪರೀಕ್ಷೆ ಮುಗಿಯದೆ ಎಳೆಯುತ್ತಿದ್ದರೆ ಮೊದಲು ಇದನ್ನೇ ನೋಡಿ.

ಹಂತ 4: ಪ್ರಶ್ನೆ ಕೇಳಿ, θ ತಿದ್ದಿ. ಬಂದ ಉತ್ತರಗಳಿಗೆ ಅತಿ ಹೆಚ್ಚು ಹೊಂದುವ θ ಹುಡುಕುವುದು ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನ. ಎಲ್ಲ ಉತ್ತರಗಳೂ ಸರಿಯಿದ್ದಾಗ ಅದರಲ್ಲಿ θ ಅನಂತಕ್ಕೆ ಓಡುತ್ತದೆ. ಶುರುವಿನಲ್ಲಿ ಇಎಪಿ ವಿಧಾನವನ್ನೇ ಬಳಸಿ: ವಿದ್ಯಾರ್ಥಿಗಳ ಮಟ್ಟ ಸಾಮಾನ್ಯವಾಗಿ ಎಲ್ಲೆಲ್ಲಿ ಇರುತ್ತದೆ ಎಂಬ ಮೊದಲಂದಾಜನ್ನೂ ಸೇರಿಸಿ, ಸಾಧ್ಯವಿರುವ θಗಳ ತೂಕದ ಸರಾಸರಿ ತೆಗೆಯುವುದು ಅದು.

ಹಂತ 5: ಒಳ್ಳೆಯ ಪ್ರಶ್ನೆಗಳನ್ನು ಸವೆಸಬೇಡಿ. ಯಾವಾಗಲೂ ಅತಿ ಹೆಚ್ಚು ಮಾಹಿತಿಯದ್ದನ್ನೇ ಆರಿಸಿದರೆ a ದೊಡ್ಡದಿರುವ ಕೆಲವೇ ಪ್ರಶ್ನೆಗಳು ಎಲ್ಲರಿಗೂ ಬರುತ್ತವೆ, ಬೇಗ ಹೊರಗೆ ಗೊತ್ತಾಗುತ್ತವೆ. ಉಳಿದವು ಪ್ರಶ್ನೆಗಳ ಬ್ಯಾಂಕಿನಲ್ಲಿ ಸುಮ್ನೆ ಕೂರುತ್ತವೆ. ಮಾಹಿತಿಯಲ್ಲಿ ಮೊದಲ ಐದರಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸುವುದು ಸುಲಭದ ಪರಿಹಾರ. ಸಂಶೋಧಕರಾದ ಚಾಂಗ್ ಮತ್ತು ಯಿಂಗ್ 1999ರಲ್ಲಿ ಹೇಳಿದ ದಾರಿ ನನಗೆ ಇನ್ನೂ ಇಷ್ಟ: ಶುರುವಿನಲ್ಲಿ a ಚಿಕ್ಕದಿರುವ ಗುಂಪಿನಿಂದ ಕೇಳಿ, ದೊಡ್ಡವನ್ನು ಕೊನೆಗೆ ಉಳಿಸಿ. ಮೊದಮೊದಲು θ ಎಲ್ಲಿದೆ ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ. a ದೊಡ್ಡದಿರುವ ಪ್ರಶ್ನೆ ತನ್ನ b ಹತ್ತಿರದಲ್ಲಷ್ಟೇ ಹರಿತ. ತಪ್ಪು ಜಾಗದಲ್ಲಿ ಕೇಳಿದರೆ ದಂಡ.

ಹಂತ 6: ನಿಲ್ಲಿಸಿ. ಕೇಳಿದ ಪ್ರಶ್ನೆಗಳ ಮಾಹಿತಿ ಕೂಡಿಸಿ, ವರ್ಗಮೂಲ ತೆಗೆದು, 1ನ್ನು ಅದರಿಂದ ಭಾಗಿಸಿದರೆ θಯ ಅಂದಾಜು ದೋಷ ಸಿಗುತ್ತದೆ. ದೋಷ 0.3ಕ್ಕೆ ಇಳಿಯಬೇಕಾದರೆ ಒಟ್ಟು ಮಾಹಿತಿ ಸುಮಾರು 11 ಬೇಕು. ತಲಾ 0.6 ಕೊಡುವ ಪ್ರಶ್ನೆಗಳಿದ್ದರೆ ಹತ್ತೊಂಬತ್ತು ಸಾಕು, 0.2ರವಾದರೆ ಐವತ್ತು ದಾಟುತ್ತದೆ. ತುಂಬಾ ಜಾಣರಿಗೆ ಪರೀಕ್ಷೆ ಇಷ್ಟು ಉದ್ದವಾಗುತ್ತಿದ್ದರೆ ನಿಮ್ಮ ಬ್ಯಾಂಕಿನಲ್ಲಿ b 2ರ ಆಸುಪಾಸಿನ ಪ್ರಶ್ನೆಗಳಿಲ್ಲ ಎಂದರ್ಥ. ಬರೆಸಿ ಸೇರಿಸಿ.