ಕೆಲಸ ಹೋದಾಗ ಬ್ಯಾಂಕಿಗೆ ಕೊಟ್ಟ ಪತ್ರ

ಹಾಸನದಲ್ಲಿ ನನ್ನ ಕೆಲಸ ಏಕಾಏಕಿ ಹೋಯಿತು. ಮನೆ ಸಾಲದ ಕಂತು ಬೌನ್ಸ್ ಆಗುವ ಮೊದಲೇ ಶಾಖೆಯ ಮ್ಯಾನೇಜರ್‌ಗೆ ಪತ್ರ ಕೊಟ್ಟೆ. ‘ಸಹಾಯ ಮಾಡಿ’ ಎಂದಷ್ಟೇ ಬರೆದರೆ ಅವರು ಮೇಲಿನ ಕಚೇರಿಗೆ ಏನೆಂದು ಶಿಫಾರಸು ಮಾಡಬೇಕು? ಅದಕ್ಕೇ ಲೆಕ್ಕ ಬರೆದೆ: ಬಾಕಿ 12 ಲಕ್ಷ, ಬಡ್ಡಿ ಶೇ. 9, ಕಂತು 13,500 ರೂಪಾಯಿ. ಅದರಲ್ಲಿ ತಿಂಗಳ ಬಡ್ಡಿಯೇ 9,000. “ಆರು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇನೆ, ಅಸಲಿಗೆ ಅವಧಿ ವಿಸ್ತರಿಸಿಕೊಡಿ” ಎಂದು ಕೇಳಿದೆ. ಕಂಪನಿಯ ಬಿಡುಗಡೆ ಪತ್ರ ಲಗತ್ತಿಸಿ, ನನ್ನ ಪ್ರತಿಯ ಮೇಲೆ ದಿನಾಂಕದ ಸಮೇತ ಸೀಲು ಹಾಕಿಸಿಕೊಂಡೆ.

ಪತ್ರ ಕೊಟ್ಟ ಮಾತ್ರಕ್ಕೆ ಆಟೋ ಡೆಬಿಟ್ ನಿಲ್ಲುವುದಿಲ್ಲ. ಒಪ್ಪಿಗೆ ಬರುವವರೆಗೆ ಉಳಿತಾಯದಿಂದ ಪೂರ್ತಿ ಕಂತು ಕಟ್ಟಿದೆ. ಆಮೇಲೆ ಕೇಳಿದಂತೆಯೇ ಸಿಕ್ಕಿತು. ಇಂಥ ಸಡಿಲಿಕೆ ಕ್ರೆಡಿಟ್ ವರದಿಯಲ್ಲಿ ದಾಖಲಾಗಬಹುದು, ಸಹಿಗೆ ಮೊದಲೇ ವಿಚಾರಿಸಿ.