ಲೆಹಂಗಾ ಬಾಡಿಗೆಗೆ, ಬ್ಲೌಸು ಸ್ವಂತಕ್ಕೆ: ತುಮಕೂರಿನಲ್ಲಿ ನಾನು ಮಾಡಿದ ರೀತಿ

"ಬೇರೆಯವರು ಉಟ್ಟು ಬಿಟ್ಟ ಬಟ್ಟೇನ ಮದುವೆ ಹೆಣ್ಣಿಗೆ ಕೊಡ್ತೀಯಾ?" ಅಂತ ಮೊದಲು ಕೇಳಿದ್ದು ನಮ್ಮ ಅಮ್ಮ. ಆಮೇಲೆ ಪಕ್ಕದ ಅಂಗಡಿಯವರು, ನಮ್ಮ ಭಾವ, ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿಯರು ಎಲ್ಲರೂ ಅದನ್ನೇ ಹೇಳಿದರು. ಬೆಂಗಳೂರಿನಲ್ಲಿ ನಡೆಯಬಹುದು, ತುಮಕೂರಿನಲ್ಲಿ ನಡೆಯಲ್ಲ ಅಂದರು. ಈಗ ಎರಡೂವರೆ ವರ್ಷ ಆಯಿತು. ನನ್ನ ಬೀರುವಿನಲ್ಲಿ ಹನ್ನೊಂದು ಲೆಹಂಗಾ, ಹದಿನಾಲ್ಕು ಶೇರ್ವಾನಿ ಇವೆ. ಕಳೆದ ಮಾಘದಲ್ಲಿ ಒಂದೂ ಖಾಲಿ ಕೂತಿರಲಿಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡು ಬಾಡಿಗೆಗೂ ಕೊಡೋಣ ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಧಾರೆಗೆ ರೇಷ್ಮೆ ಸೀರೆ, ಪಂಚೆ ಶಲ್ಯ. ಅದು ಹೊಸದೇ ಆಗಬೇಕು. ಅದರ ತಂಟೆಗೆ ನಾನು ಹೋಗಲ್ಲ. ಲೆಹಂಗಾ, ಶೇರ್ವಾನಿ ಬೇಕಾಗುವುದು ಹಿಂದಿನ ದಿನ ಸಂಜೆಯ ರಿಸೆಪ್ಷನ್‌ಗೆ. ಅಬ್ಬಬ್ಬಾ ಅಂದರೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಗೆ ಮೂವತ್ತು ಸಾವಿರ ಕೊಟ್ಟು, ಆಮೇಲೆ ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ ಇಡುತ್ತಾರೆ. ಇದನ್ನು ಬಿಡಿಸಿ ಹೇಳಿದ ಮೇಲೆ ಅಮ್ಮನೂ ಒಪ್ಪಿದರು.

ಆದರೆ ಮೊದಲ ಆರು ತಿಂಗಳು ನಾನು ಸೋತೆ. ಎಲ್ಲರ ಹಾಗೆ ಪೂರ್ತಿ ಸೆಟ್ಟೇ ಬಾಡಿಗೆಗೆ ಕೊಡುತ್ತಿದ್ದೆ. ಲಂಗ, ಬ್ಲೌಸು, ದುಪಟ್ಟಾ ಮೂರೂ. ಬ್ಲೌಸಿನದೇ ಎಲ್ಲಾ ತೊಂದರೆ. ಒಬ್ಬಳಿಗೆ 34 ಬಿಗಿ ಮಾಡಿದರೆ ಮುಂದಿನವಳಿಗೆ 38 ಬಿಡಬೇಕು. ಬಿಚ್ಚಿ ಹೊಲಿದು ಬಿಚ್ಚಿ ಹೊಲಿದು ಸೈಡಿನ ಬಟ್ಟೆಯಲ್ಲಿ ಸೂಜಿ ತೂತು ಸಾಲಾಗಿ ಕಾಣತೊಡಗಿತು. ಕಂಕುಳಲ್ಲಿ ಬೆವರಿನ ಕಲೆ ಡ್ರೈಕ್ಲೀನಿಂಗ್‌ಗೂ ಹೋಗಲಿಲ್ಲ. ಒಬ್ಬರ ಮನೆಯವರು ಬ್ಲೌಸನ್ನು ಮೂಸಿ ನೋಡಿ, ಏನೂ ಮಾತಾಡದೆ ಎದ್ದು ಹೋದರು. ಆ ದಿನ ನನಗೆ ಊಟ ಸೇರಲಿಲ್ಲ.

ಆಗ ಹೊಳೆದದ್ದು ಇಷ್ಟೇ. ಮೈಗೆ ಅಂಟುವ ಬಟ್ಟೆ ಗಿರಾಕಿಯ ಸ್ವಂತದ್ದಾಗಿರಲಿ, ಮೇಲೆ ಕಾಣುವುದು ಮಾತ್ರ ಬಾಡಿಗೆಯದಾಗಿರಲಿ. ಅಂದರೆ ಲಂಗ, ದುಪಟ್ಟಾ ನನ್ನದು. ಬ್ಲೌಸನ್ನು ಅವಳ ಅಳತೆಗೆ ಹೊಸದಾಗಿ ಹೊಲಿದು ಕೊಡುತ್ತೇನೆ, ಅದು ಅವಳಿಗೇ. ನಾವು ಹೊಲಿಗೆಯವರು, ಇದು ನಮಗೆ ದೊಡ್ಡ ಕೆಲಸ ಅಲ್ಲ ಅಲ್ವಾ? ಬರೀ ಬಾಡಿಗೆ ಅಂಗಡಿಯವರಿಗೆ ಇದು ಆಗಲ್ಲ. ಬಣ್ಣ ಹೊಂದುವ ರಾ ಸಿಲ್ಕಿನಲ್ಲಿ ಸಾದಾ ಬ್ಲೌಸು ಹೊಲಿಯುತ್ತೇನೆ. ಲೆಹಂಗಾ ಜೊತೆ ಬಂದಿದ್ದ ಬ್ಲೌಸ್ ಪೀಸಿನ ವರ್ಕ್ ಇರುವ ತೋಳಿನ ಬಾರ್ಡರನ್ನು ಕತ್ತರಿಸಿ ಇಟ್ಟುಕೊಂಡಿರುತ್ತೇನೆ. ಅದನ್ನು ಹೊಸ ಬ್ಲೌಸಿನ ತೋಳಿಗೆ ಕೈಹೊಲಿಗೆಯಲ್ಲಿ ಕೂರಿಸಿ, ವಾಪಸ್ ಬಂದಾಗ ಬಿಚ್ಚಿಕೊಳ್ಳುತ್ತೇನೆ. ಸ್ಟೇಜಿನ ಮೇಲೆ ಸೆಟ್ಟೇ ಅನ್ನಿಸುತ್ತದೆ. ಬಣ್ಣ ಇಷ್ಟು ಸರಿಯಾಗಿ ಹೊಂದುವ ರಾ ಸಿಲ್ಕ್ ಎಲ್ಲಿಂದ ತರುತ್ತೇನೆ ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಹೇಳಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಲಂಗದ ಸೊಂಟ ಸುಲಭ. ಹುಕ್ಕಿನ ಪಟ್ಟಿ ಉದ್ದ ಬಿಟ್ಟು ಮೂರು ಸಾಲು ಹುಕ್ಕು ಹಾಕಿ, ಮೇಲೆ ಲಾಡಿ ಕೊಟ್ಟರೆ ಐದಾರು ಇಂಚಿನ ವ್ಯತ್ಯಾಸ ಸಂಭಾಳಿಸಬಹುದು. ಕಷ್ಟ ಇರುವುದು ಉದ್ದದಲ್ಲಿ. ಕೆಳಗೆಲ್ಲಾ ಬಾರ್ಡರ್ ಕೆಲಸ, ಅಲ್ಲಿ ಮಡಚಲು ಆಗಲ್ಲ. ನಾನು ಸೊಂಟದ ಪಟ್ಟಿ ಬಿಚ್ಚಿ, ಮೇಲಿನಿಂದ ಒಳಗೆ ಮಡಚಿ, ಕಚ್ಚಾ ಹೊಲಿಗೆ ಹಾಕಿ ಪಟ್ಟಿ ವಾಪಸ್ ಕೂರಿಸುತ್ತೇನೆ. ಕತ್ತರಿಸುವ ಮಾತೇ ಇಲ್ಲ. ಎರಡು ಇಂಚಿನ ತನಕ ಚೆನ್ನಾಗಿ ಕೂರುತ್ತದೆ. ಅದಕ್ಕಿಂತ ಜಾಸ್ತಿ ಮಡಚಿದರೆ ಹೊಟ್ಟೆ ಮುಂದೆ ದಪ್ಪ ಕಾಣುತ್ತದೆ, ಅಂಥವರಿಗೆ ಬೇರೆ ಪೀಸು ತೋರಿಸುತ್ತೇನೆ. ಅಳತೆ ತೆಗೆಯುವಾಗ ಅವತ್ತು ಹಾಕುವ ಚಪ್ಪಲಿಯನ್ನೇ ಹಾಕಿಸಿ. ಒಮ್ಮೆ ಬರಿಗಾಲಲ್ಲಿ ಅಳೆದು ಕೊಟ್ಟೆ. ಹುಡುಗಿ ಮೂರು ಇಂಚು ಹೀಲ್ಸ್ ಹಾಕಿ ನಿಂತಳು, ಫೋಟೋದಲ್ಲಿ ಲಂಗದ ಕೆಳಗೆ ಪಾದ ಪೂರ್ತಿ ಕಾಣುತ್ತಿತ್ತು.

ಶೇರ್ವಾನಿಯಲ್ಲಿ ಶೋಲ್ಡರ್ ಒಂದೇ ನೋಡಿ. ಎದೆ, ಸೊಂಟ ಸೈಡ್ ಹೊಲಿಗೆಯಲ್ಲಿ ಸರಿ ಮಾಡಬಹುದು, ತೋಳಿನ ಉದ್ದ ಮಾಡಬಹುದು. ಶೋಲ್ಡರ್ ಕೂರದಿದ್ದರೆ ಏನು ಮಾಡಿದರೂ ಅಣ್ಣನ ಕೋಟು ತಮ್ಮ ಹಾಕಿದ ಹಾಗೇ. ನಾನು ಅಂಥ ಗಿರಾಕಿಯನ್ನು ಬಾಡಿಗೆಗೆ ಒಪ್ಪಿಸುವುದಿಲ್ಲ. ಎದೆ 48 ಇದ್ದ ಒಬ್ಬರು ಬಂದಿದ್ದರು. ಎರಡು ಟ್ರಯಲ್ ಆದ ಮೇಲೆ ಕೊಂಡುಕೊಳ್ಳಿ ಅಂತ ನಾನೇ ಹೇಳಿದೆ. ಜರಿ ಕೆಲಸ ಇಲ್ಲದ ಸಾದಾ ಬಂದ್‌ಗಲಾ ಹೊಲಿಸಿಕೊಂಡರು. ಆಮೇಲೆ ತಂಗಿಯ ಮದುವೆಗೂ ಹಾಕಿದ್ದಾರೆ. ಮತ್ತೆ ಹಾಕುವ ಬಟ್ಟೆಯಾದರೆ ಕೊಳ್ಳುವುದೇ ಲಾಭ. ಅಕ್ಕ ತಂಗಿಯರ ಮದುವೆ ಹತ್ತಿರ ಹತ್ತಿರ ಇದ್ದು ಮೈಕಟ್ಟು ಒಂದೇ ಇದ್ದರೂ ಲೆಹಂಗಾ ಕೊಳ್ಳಿ ಅಂತಲೇ ಹೇಳುತ್ತೇನೆ.

ಗಂಡಿಗೂ ಅದೇ ನಿಯಮ. ಒಳಗಿನ ಕುರ್ತಾ, ಚೂಡಿದಾರ್ ಹೊಸದು, ಅವರಿಗೇ. ಮೇಲಿನ ಕೋಟು ನನ್ನದು. ಕೋಟಿನಲ್ಲಿ ಮೈಗೆ ತಾಗುವುದು ಎರಡೇ ಜಾಗ, ಕಾಲರ್ ಮತ್ತು ಕಂಕುಳು. ಕಾಲರ್ ಒಳಗೆ ಬಿಳಿ ಕಾಟನ್ ಪಟ್ಟಿ ಕಚ್ಚಾ ಹೊಲಿಗೆಯಲ್ಲಿ ಹಾಕುತ್ತೇನೆ. ಕಂಕುಳಿಗೆ ಕಾಟನ್ ಪ್ಯಾಡು, ಪ್ರೆಸ್ ಬಟನ್‌ನಲ್ಲಿ. ಎರಡೂ ಪ್ರತಿ ಸಲ ಹೊಸದು, ಗಿರಾಕಿಯ ಕಣ್ಣೆದುರೇ ಹಾಕುತ್ತೇನೆ. ಖರ್ಚು ನಲವತ್ತು ರೂಪಾಯಿ ಆಗಬಹುದು. ನನ್ನ ಯಾವ ಮಾತಿಗಿಂತಲೂ ಜಾಸ್ತಿ ಕೆಲಸ ಮಾಡಿದ್ದು ಈ ಬಿಳಿ ಪಟ್ಟಿ.

ಡ್ರೈಕ್ಲೀನಿಂಗ್‌ನಲ್ಲಿ ನನಗೆ ದೊಡ್ಡ ಪೆಟ್ಟು ಬಿದ್ದಿದೆ. ಹದಿನೆಂಟು ಸಾವಿರದ ಒಂದು ಲೆಹಂಗಾವನ್ನು ಕಳಿಸಿದ್ದೆ. ವಾಪಸ್ ಬಂದಾಗ ಅರ್ಧ ಕಲ್ಲು ಕವರಿನ ತಳದಲ್ಲಿ ಬಿದ್ದಿದ್ದವು. ಹೊಲಿದ ಕಲ್ಲಲ್ಲ, ಗೋಂದಿನಲ್ಲಿ ಅಂಟಿಸಿದ ಕಲ್ಲು. ಆ ದ್ರಾವಣದಲ್ಲಿ ಗೋಂದು ಬಿಡುತ್ತದೆ, ಕೆಲವು ಚಮಕಿ ಸುರುಟಿಕೊಳ್ಳುತ್ತವೆ. ಈಗ ಕೊಳ್ಳುವಾಗಲೇ ಹಿಂದುಗಡೆ ತಿರುಗಿಸಿ ನೋಡುತ್ತೇನೆ. ದಾರ ಕಂಡರೆ ಮಾತ್ರ ತರುತ್ತೇನೆ. ಪ್ರತಿ ಸಲವೂ ಡ್ರೈಕ್ಲೀನಿಂಗ್ ಬೇಕಾಗಿಯೂ ಇಲ್ಲ. ಬಂದ ದಿನ ಒಳಗೆ ಹೊರಗೆ ಮಾಡಿ ನೆರಳಲ್ಲಿ, ಗಾಳಿಗೆ ಒಂದು ದಿನ ಹರಡುತ್ತೇನೆ. ಲೈನಿಂಗ್‌ಗೆ ಮಾತ್ರ ಸರ್ಜಿಕಲ್ ಸ್ಪಿರಿಟ್ ನೀರು ಬೆರೆಸಿ ಸಿಂಪಡಿಸುತ್ತೇನೆ. ಮೊದಲು ಒಳ ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿ, ಇಸ್ತ್ರಿ ಪೆಟ್ಟಿಗೆ ದೂರ ಇಡಿ. ಜರಿ ಮೇಲೆ ಸಿಡಿಯಬಾರದು, ಕಪ್ಪಾಗುತ್ತದೆ. ಎಷ್ಟಕ್ಕೆ ಎಷ್ಟು ನೀರು ಅನ್ನುವುದು ನನ್ನ ಹತ್ತಿರವೇ ಇರಲಿ. ನ್ಯಾಫ್ತಲೀನ್ ಗುಳಿಗೆ ಮಾತ್ರ ಇಡಬೇಡಿ, ಆ ವಾಸನೆ ತಿಂಗಳಾದರೂ ಹೋಗಲಿಲ್ಲ. ಹ್ಯಾಂಗರ್‌ಗೂ ಹಾಕಬೇಡಿ. ಭಾರಕ್ಕೆ ಲಂಗದ ಸುತ್ತು ಒಂದು ಕಡೆ ಇಳಿಯುತ್ತದೆ. ನಾನು ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸುತ್ತೇನೆ.

ಅರಿಶಿನದ ಕಲೆ ಬಗ್ಗೆ ಒಂದು ಪ್ರಯೋಗ ಹೇಳುತ್ತೇನೆ. ಒಬ್ಬರ ಮನೆಯಲ್ಲಿ ಕೆನೆ ಬಣ್ಣದ ದುಪಟ್ಟಾಕ್ಕೆ ಅರಿಶಿನ ತಾಗಿತ್ತು. ಅವರಮ್ಮ ಗಾಬರಿಯಲ್ಲಿ ಸೋಪು ಉಜ್ಜಿದರು. ಕಲೆ ಕೆಂಪಗಾಯಿತು, ಬಟ್ಟೆಯೇ ಸುಟ್ಟಿತು ಅಂತ ಅತ್ತುಬಿಟ್ಟರು. ಸುಟ್ಟಿರಲಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕುಂಕುಮದ ಬಣ್ಣ ಬರುವುದು ನಮಗೆಲ್ಲಾ ಗೊತ್ತು, ಸೋಪಿನ ಕ್ಷಾರಕ್ಕೂ ಅದೇ ಆಗುತ್ತದೆ. ನಿಂಬೆರಸ ನೀರಿನಲ್ಲಿ ಒತ್ತಿದೆ, ಮತ್ತೆ ಹಳದಿಯಾಯಿತು. ಆಮೇಲೆ ಉಳಿದ ಭಾಗ ಮುಚ್ಚಿ, ಆ ಕಲೆಯನ್ನಷ್ಟೇ ಬಿಸಿಲಿಗೆ ಇಟ್ಟೆ. ಎರಡು ಮಧ್ಯಾಹ್ನಕ್ಕೆ ಕಾಣದ ಹಾಗಾಯಿತು. ಅರಿಶಿನ ಬಿಸಿಲಿಗೆ ನಿಲ್ಲಲ್ಲ. ಕಡು ಬಣ್ಣದ ರೇಷ್ಮೆಗೆ ಇದನ್ನು ಮಾಡಬೇಡಿ, ಬಟ್ಟೆಯ ಬಣ್ಣವೂ ಹೋಗುತ್ತದೆ.

ಡೆಪಾಸಿಟ್ ವಿಷಯ. ಮೊದಲು ಬಾಯಿ ಮಾತಿನಲ್ಲಿ ಐದು ಸಾವಿರ ತೆಗೆದುಕೊಳ್ಳುತ್ತಿದ್ದೆ. "ಈ ಹರಿದಿದ್ದು ಮೊದಲೇ ಇತ್ತು" ಅಂತ ಜಗಳ. ಒಂದು ಸಲ ಪೂರ್ತಿ ವಾಪಸ್ ಕೊಟ್ಟು ಸುಮಾರು ನಾಲ್ಕು ಸಾವಿರ ಕಳೆದುಕೊಂಡೆ. ಈಗ ಬಟ್ಟೆ ಕೊಡುವಾಗ ಬೆಳಕಿನಲ್ಲಿ ಹರಡಿ, ಗಿರಾಕಿಯ ಫೋನಿನಲ್ಲೇ ವೀಡಿಯೋ ತೆಗೆಸಿ ನನಗೆ ಕಳಿಸಲು ಹೇಳುತ್ತೇನೆ. ಹಳೇ ದೋಷ ಇದ್ದರೆ ನಾನೇ ತೋರಿಸುತ್ತೇನೆ. ಅದರಿಂದ ನಂಬಿಕೆ ಬರುತ್ತದೆ. ಒಂದು ಪುಟದ ಕಾಗದ ಇದೆ. ಮಣಿ, ಕಲ್ಲು ಉದುರಿದರೆ, ಹೆಮ್ಮಿಂಗ್ ಬಿಟ್ಟರೆ ಹಣ ಹಿಡಿಯಲ್ಲ, ಉಟ್ಟರೆ ಅದು ಆಗೇ ಆಗುತ್ತದೆ. ಕಲೆಗೆ, ಹರಿದರೆ, ಪಟಾಕಿ ಕಿಡಿ ಬಿದ್ದರೆ ಎಷ್ಟೆಷ್ಟು ಅಂತ ಮೊದಲೇ ಬರೆದಿರುತ್ತದೆ. ಒಂದು ದಿನ ತಡವಾದರೆ ಬಾಡಿಗೆಯ ಕಾಲು ಭಾಗ. ಮದುವೆ ಮುಂದೆ ಹೋದರೆ ಅಡ್ವಾನ್ಸ್ ಹೊಸ ತಾರೀಕಿಗೆ ಹೋಗುತ್ತದೆ, ಮುಳುಗಲ್ಲ. ವಾಪಸ್ ತಂದಾಗ ಅವರೆದುರೇ ನೋಡಿ, ಅಲ್ಲೇ ಹಣ ಕೊಡುತ್ತೇನೆ. "ಡ್ರೈಕ್ಲೀನಿಂಗ್ ಆದ ಮೇಲೆ ನೋಡೋಣ" ಅಂತ ಹೇಳುವ ಕಡೆ ನಾನೇ ಗಿರಾಕಿಯಾಗಿದ್ದರೆ ಬಾಡಿಗೆಗೆ ತೆಗೆದುಕೊಳ್ಳುತ್ತಿರಲಿಲ್ಲ.

ಗುಬ್ಬಿ ಕಡೆಯ ಒಂದು ಮದುವೆಯ ಲೆಕ್ಕ ಕೊಡುತ್ತೇನೆ, ನೆನಪಿದ್ದಷ್ಟು. ಅವರು ಅಂಗಡಿಯಲ್ಲಿ ಮೆಚ್ಚಿದ ಲೆಹಂಗಾ ಮೂವತ್ತೆರಡು ಸಾವಿರ, ಶೇರ್ವಾನಿ ಹದಿನಾಲ್ಕು. ನನ್ನಲ್ಲಿ ಲಂಗ ದುಪಟ್ಟಾ ಬಾಡಿಗೆ ಆರು ಸಾವಿರ, ಬ್ಲೌಸು ಬಟ್ಟೆ ಸೇರಿ ಮೂರು ಸಾವಿರದ ಇನ್ನೂರು. ಶೇರ್ವಾನಿ ಎರಡೂವರೆ, ಒಳಗಿನ ಕುರ್ತಾ ಚೂಡಿದಾರ್ ಒಂದು ಸಾವಿರದ ಆರುನೂರು. ಒಟ್ಟು ಹದಿಮೂರು ಸಾವಿರದ ಮುನ್ನೂರು. ಡೆಪಾಸಿಟ್ ಹತ್ತು ಸಾವಿರ. ಟ್ರಯಲ್ ಎರಡು ಸಲ, ಕೊನೆಯದು ಮದುವೆಗೆ ನಾಲ್ಕು ದಿನ ಮೊದಲು. ಯಾಕೆಂದರೆ ಮದುವೆ ಓಡಾಟದಲ್ಲಿ ಹುಡುಗಿಯರು ಸಣ್ಣ ಆಗುತ್ತಾರೆ. ಇವಳ ಸೊಂಟವೂ ಒಂದೂವರೆ ಇಂಚು ಇಳಿದಿತ್ತು. ಬಟ್ಟೆ ವಾಪಸ್ ಬಂದಾಗ ದುಪಟ್ಟಾದ ನೆಟ್ ಬಟ್ಟೆ ಬಳೆಗೆ ಸಿಕ್ಕಿ ಹರಿದಿತ್ತು. ಕಾಗದದಲ್ಲಿದ್ದ ಹಾಗೆ ಆರುನೂರು ಹಿಡಿದು ಒಂಬತ್ತು ಸಾವಿರದ ನಾನೂರು ಕೈಗೆ ಕೊಟ್ಟೆ. ಒಂದು ಮಾತೂ ಬರಲಿಲ್ಲ.

ನನ್ನ ಕಡೆಯ ಲೆಕ್ಕ ಹೀಗಿದೆ. ಆ ಲೆಹಂಗಾ ನಾನು ಆಷಾಢದಲ್ಲಿ ಬೆಂಗಳೂರಿನ ಚಿಕ್ಕಪೇಟೆಯಿಂದ ಇಪ್ಪತ್ನಾಲ್ಕು ಸಾವಿರಕ್ಕೆ ತಂದದ್ದು. ಒಂದು ಸಲ ಹೋಗಿ ಬಂದರೆ ತೊಳೆಸಲು, ರಿಪೇರಿಗೆ ಸಾವಿರದ ಇನ್ನೂರು ಹೋಗುತ್ತದೆ. ಐದು ಸಲಕ್ಕೆ ಬಂಡವಾಳ ಬಂತು. ಅದು ಈಗ ಒಂಬತ್ತು ಸಲ ಹೋಗಿ ಬಂದಿದೆ. ಬಾರ್ಡರ್ ಹೊಳಪು ಸ್ವಲ್ಪ ಕಡಿಮೆ ಆಗಿದೆ. ಇನ್ನೊಂದು ಸಲ ಕೊಟ್ಟು, ಆಮೇಲೆ ಬಿಚ್ಚಿ ಅದರ ಕೆಲಸವನ್ನು ಚಿಕ್ಕ ಮಕ್ಕಳ ಲಂಗಕ್ಕೆ ಹಾಕುತ್ತೇನೆ. ಮೊದಲನೆಯದಕ್ಕೆ ಅಳತೆ ಕೊಟ್ಟು ಹೋಗಿರುವುದು ನಮ್ಮ ಭಾವನ ಮೊಮ್ಮಗಳು.